ಚಾರ್ಜಿಂಗ್ ಜಾಲಕ್ಕೊಂದು ಹೆಸರು

"ಸರ್, ಈಗ ಎಲ್ಲಿದ್ದೀರ?"

"ಮಂಡ್ಯ ಹತ್ರ. ನಿಮ್ಮ ಚಾರ್ಜರ್ ಪಕ್ಕದಲ್ಲೇ ಇದೆ ಅಂತ ಮ್ಯಾಪ್ ತೋರಿಸ್ತಿದೆ. ಇಲ್ಲಿ ನೋಡಿದ್ರೆ ಬೇಲಿ ಬಿಟ್ರೆ ಏನೂ ಕಾಣ್ತಿಲ್ಲ."

"ಮಂಡ್ಯದಲ್ಲಿ ನಮ್ದು ಮೂರು ಸ್ಟೇಷನ್ ಇದೆ ಸರ್. ಯಾವುದು?"

"ಅದೇ, ಮೈಸೂರು ಕಡೆ ಇರೋದು."

"ಮೈಸೂರಿಗೆ ಹೋಗೋ ರೋಡಲ್ಲಿರೋದಾ ಸರ್, ಇಲ್ಲಾ ಊರು ದಾಟಿದ ಮೇಲೆ ಮೈಸೂರು ಕಡೆಗೆ ಸಿಗೋದಾ?"

ಎಲೆಕ್ಟ್ರಿಕ್ ಕಾರುಗಳ ಸಹಾಯವಾಣಿಯಲ್ಲಿ ಕೂತವರಿಗೆ ಇಂಥ ಮಾತು ಹೊಸದಾಗಿರಲಾರದು. ಕಾರಿನವರ ಬ್ಯಾಟರಿ ಹತ್ತು ಪರ್ಸೆಂಟಿಗೆ ಇಳಿದಿರುತ್ತದೆ, ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ, ಹೊತ್ತು ಮುಳುಗಿರುತ್ತದೆ. ಯಂತ್ರ ಸರಿಯಾಗಿದೆ, ಕರೆಂಟೂ ಇದೆ. ಕೆಟ್ಟಿರುವುದು ಹೆಸರು. ಚಾರ್ಜಿಂಗ್ ಜಾಲ ಕಟ್ಟುವವರು ಜಾಗ, ಟ್ರಾನ್ಸ್‌ಫಾರ್ಮರ್, ಯಂತ್ರದ ಕಿಲೋವ್ಯಾಟ್ ಇವುಗಳ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಹೆಸರನ್ನು ಮಾತ್ರ ಲೋಗೋ ಬರೆಯುವವರ ಕೈಗೆ ಬಿಟ್ಟುಬಿಡುತ್ತಾರೆ. ರಸ್ತೆಯಲ್ಲಿ ಹೆಸರಿಗಿರುವ ಕೆಲಸ ಬೇರೆ. ಅದು ಮ್ಯಾಪಿನಲ್ಲಿ ಹುಡುಕಿದರೆ ಸಿಗಬೇಕು, ಓಡುವ ಕಾರಿನಿಂದ ಓದಲು ಬರಬೇಕು, ಫೋನಿನಲ್ಲಿ ಹೇಳಿದರೆ ಆ ಕಡೆಯವರಿಗೆ ತಿಳಿಯಬೇಕು.

ಇದನ್ನು ಒಂದು ರಸ್ತೆಯ ಮೇಲಿಟ್ಟು ನೋಡೋಣ. ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ತೆಗೆದುಕೊಳ್ಳಬಹುದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆಯಲ್ಲಿ ನಡುವೆ ಆರು ಪಥ, ಎರಡೂ ಅಂಚಿಗೆ ಸರ್ವೀಸ್ ರಸ್ತೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಇಷ್ಟಕ್ಕೂ ಬೈಪಾಸ್ ಇದೆ. ಈ ದಾರಿಯಲ್ಲಿ ಒಂದು ಸಣ್ಣ ಕಂಪನಿ ಹೋಟೆಲು, ಪೆಟ್ರೋಲ್ ಬಂಕುಗಳ ಆವರಣದಲ್ಲಿ ಚಾರ್ಜರ್ ಹಾಕಲು ಹೊರಟಿದೆ ಎಂದುಕೊಳ್ಳಿ. ಕಂಪನಿ ಉದಾಹರಣೆಗೆಂದು ನಾನು ಕಟ್ಟಿಕೊಂಡದ್ದು, ರಸ್ತೆ ಮತ್ತು ತೊಡಕುಗಳು ನಿಜವಾದವು.

ಅವರ ಪಟ್ಟಿಯಲ್ಲಿ ಮೊದಲು ಬಂದ ಹೆಸರು 'ಶಕ್ತಿ'. ಹೇಳಲು ಸುಲಭ, ಅರ್ಥವೂ ಹೊಂದುತ್ತದೆ. ಆದರೆ 2023ರ ಜೂನ್‌ನಿಂದ ಕರ್ನಾಟಕದಲ್ಲಿ ಶಕ್ತಿ ಎಂದರೆ ಮಹಿಳೆಯರ ಉಚಿತ ಬಸ್ ಪ್ರಯಾಣದ ಯೋಜನೆ. ಹುಡುಕಿದರೆ ಮೊದಲು ಸಿಗುವುದು ಅದೇ, ಅದರ ಹಿಂದೆ ಊರೂರಿನ ಶಕ್ತಿ ದೇವಸ್ಥಾನಗಳು. ಎರಡನೆಯದು 'ಜ್ಯೋತಿ'. ಇದನ್ನು ಇಂಗ್ಲಿಷಿನಲ್ಲಿ Jyoti ಎಂದು ಬರೆಯುವವರಿದ್ದಾರೆ, Jyothi ಎನ್ನುವವರಿದ್ದಾರೆ, Jyothy ಎನ್ನುವವರೂ ಇದ್ದಾರೆ. ಮ್ಯಾಪ್ ಹುಡುಕಾಟ ಸಣ್ಣಪುಟ್ಟ ತಪ್ಪನ್ನು ತಿದ್ದಿಕೊಳ್ಳುತ್ತದೆ, ನಿಜ. ಆದರೆ ಮೂರೂ ಕಾಗುಣಿತದಲ್ಲಿ ಬೇರೆ ಬೇರೆ ಅಂಗಡಿ, ಶಾಲೆ, ಆಸ್ಪತ್ರೆಗಳು ಆಗಲೇ ಇರುವಾಗ ಅದು ತಿದ್ದಲು ಹೋಗುವುದಿಲ್ಲ, ಅವನ್ನೇ ತೋರಿಸುತ್ತದೆ.

ಮೂರನೆಯದು 'ಇ-ಪಥ'. ಫೋನಿಗೆ ಕನ್ನಡದಲ್ಲಿ ಹೇಳಿ ನೋಡಿ: ಅದಕ್ಕೆ ಕೇಳಿಸುವುದು 'ಈ ಪಥ'. ನಾಲ್ಕನೆಯದು 'ಕಿರಣ'. ಕನ್ನಡದಲ್ಲಿ ಅಂದವಾಗಿದೆ. ಇಂಗ್ಲಿಷ್ ಲಿಪಿಯಲ್ಲಿ Kirana ಎಂದು ಬರೆದ ಕೂಡಲೇ ಹೊರರಾಜ್ಯದಿಂದ ಬಂದವರು ಅದನ್ನು ಕಿರಾಣಿ ಅಂಗಡಿ ಎಂದು ಓದುತ್ತಾರೆ, ಮ್ಯಾಪೂ ದಿನಸಿ ಅಂಗಡಿಗಳ ಸಾಲನ್ನು ತೋರಿಸುತ್ತದೆ. 'ಮುಗಿಲು' ಬಹಳ ಹೊತ್ತು ಉಳಿದುಕೊಂಡಿತು. Mugilu ಎಂಬುದರಲ್ಲಿ g ಮುಂದೆ i ಬಂದದ್ದರಿಂದ ದಾರಿ ಹೇಳುವ ಇಂಗ್ಲಿಷ್ ದನಿ ಅದನ್ನು 'ಮುಜಿಲು' ಎಂದುಬಿಡಬಹುದು ಎಂಬ ಅನುಮಾನದಿಂದ ಅದೂ ಹಿಂದೆ ಸರಿಯಿತು.

ಈ ಸೋಲುಗಳ ಹಿಂದೆ ಒಂದು ಸರಳ ಕಾರಣವಿದೆ. ಕನ್ನಡ ಹೆಸರು ಇಂಗ್ಲಿಷ್ ಲಿಪಿಗೆ ಹೋಗುವಾಗ ಕೆಲವು ಅಕ್ಷರಗಳು ಎರಡು ದಾರಿ ಹಿಡಿಯುತ್ತವೆ. ತ ಎಂಬುದು t ಆಗಬಹುದು, th ಆಗಬಹುದು. ದ ಎಂಬುದು d, dh. ದೀರ್ಘ ಈ ಎಂಬುದು i, ee. ಊ ಎಂಬುದು u, oo. ಹೆಸರಿನಲ್ಲಿ ಇಂಥ ಒಂದು ಅಕ್ಷರವಿದ್ದರೆ ಎರಡು ಕಾಗುಣಿತ, ಎರಡಿದ್ದರೆ ನಾಲ್ಕು. ಆದ್ದರಿಂದ ತ, ದ, ಟ, ಡ ಇಲ್ಲದ, ದೀರ್ಘ ಸ್ವರವೂ ಇಲ್ಲದ ಹೆಸರು ಸಿಕ್ಕಿದರೆ ಅರ್ಧ ಗೊಂದಲ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಕಂಪನಿಯವರು ಕೊನೆಗೆ ನಿಂತದ್ದು 'ಮಿಂಚು' ಎಂಬಲ್ಲಿ. Minchu ಎಂದಲ್ಲದೆ ಬೇರೆ ರೀತಿ ಬರೆಯಲು ಯಾರಿಗೂ ಸುಲಭವಾಗಿ ತೋಚುವುದಿಲ್ಲ. ಹಿಂದಿಯವರೂ ತಮಿಳರೂ ಒಂದೇ ಓದಿಗೆ ಹೇಳಬಲ್ಲರು.

ಇಂಗ್ಲಿಷಿನಲ್ಲೇ ಹುಟ್ಟಿದ ಹೆಸರಿಟ್ಟರೆ ಇದೇ ಕಷ್ಟ ತಿರುಗುಮುರುಗಾಗಿ ಬರುತ್ತದೆ. 2024ರ ತಿದ್ದುಪಡಿಯಂತೆ ಕರ್ನಾಟಕದ ವಾಣಿಜ್ಯ ಮಳಿಗೆಗಳ ನಾಮಫಲಕದಲ್ಲಿ ಶೇ. 60 ಭಾಗ ಕನ್ನಡ ಇರಬೇಕು, ಅದೂ ಫಲಕದ ಮೇಲಿನ ಅರ್ಧದಲ್ಲಿ. ಅಂದರೆ ದೂರದಿಂದ ಮೊದಲು ಕಣ್ಣಿಗೆ ಬೀಳುವುದು ಕನ್ನಡದ ಹೆಸರು. Z ಇರುವ ಹೆಸರನ್ನು ಒಬ್ಬ ಪೇಂಟರ್ ಜ ಹಾಕಿ ಬರೆಯುತ್ತಾನೆ, ಇನ್ನೊಬ್ಬ ಝ ಹಾಕುತ್ತಾನೆ, ಮತ್ತೊಬ್ಬ ಜ ಕೆಳಗೆ ಚುಕ್ಕಿ ಇಡುತ್ತಾನೆ. ಮೂರು ಊರಿನಲ್ಲಿ ಮೂರು ಬೋರ್ಡು. ಕನ್ನಡದ ರೂಪವನ್ನು ಬೋರ್ಡು ಬರೆಯುವ ದಿನ ತೀರ್ಮಾನಿಸಬಾರದು. ಹೆಸರು ಆರಿಸುವ ದಿನವೇ ಎರಡೂ ಲಿಪಿಯ ಕಾಗುಣಿತ ಗಟ್ಟಿಯಾಗಬೇಕು, ಆ್ಯಪಿಗೂ ಬಿಲ್ಲಿಗೂ ಅದೇ ಹೋಗಬೇಕು.

ಹಾಗಿದ್ದರೆ ನೇರವಾಗಿ 'ಹೆದ್ದಾರಿ ಚಾರ್ಜಿಂಗ್' ಎಂದೇ ಇಟ್ಟರೆ ಎಲ್ಲರಿಗೂ ಅರ್ಥವಾಗುವುದಿಲ್ಲವೆ? ಅರ್ಥವಾಗುತ್ತದೆ. ತೊಂದರೆ ಏನೆಂದರೆ ಅದು ಎಲ್ಲ ಜಾಲಗಳಿಗೂ ಹೊಂದುವ ಮಾತು. ಅಮೆರಿಕದ ಚಾರ್ಜ್‌ಪಾಯಿಂಟ್ ಕಂಪನಿಯ ಹೆಸರು ಇದಕ್ಕೆ ದೊಡ್ಡ ಉದಾಹರಣೆ. 2007ರಲ್ಲಿ ಕೂಲಂಬ್ ಟೆಕ್ನಾಲಜೀಸ್ ಎಂದು ಶುರುವಾದ ಕಂಪನಿ ಆಮೇಲೆ ಈ ಹೆಸರು ಹಿಡಿಯಿತು. ಬ್ರಿಟನ್ನಿನಲ್ಲಿ ಯಾವ ಕಂಪನಿಯ ಚಾರ್ಜರನ್ನಾದರೂ ಜನ ಚಾರ್ಜ್‌ಪಾಯಿಂಟ್ ಎಂದೇ ಕರೆಯುತ್ತಾರೆ. ಅಲ್ಲಿ "ಚಾರ್ಜ್‌ಪಾಯಿಂಟ್ ಎಲ್ಲಿದೆ" ಎಂದು ಕೇಳಿದವರು ಯಾವುದನ್ನು ಕೇಳುತ್ತಿದ್ದಾರೆಂದು ಹೇಳುವುದು ಕಷ್ಟ. ಭಾರತದ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರವೂ, ಸೇವೆ ಏನೆಂಬುದನ್ನು ಬರೀ ವರ್ಣಿಸುವ ಹೆಸರಿಗೆ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ. ಹೆಸರು ಗುರುತಿಗಿರಲಿ, ಅದರ ಕೆಳಗೆ 'ಇವಿ ಚಾರ್ಜಿಂಗ್' ಎಂಬ ಸಾಲು ಅರ್ಥಕ್ಕಿರಲಿ. ಎರಡು ಕೆಲಸವನ್ನು ಒಂದೇ ಪದದ ಮೇಲೆ ಹೊರಿಸುವುದು ಬೇಡ.

ಮಿಂಚಿಗೂ ಅಪಾಯವಿಲ್ಲದಿಲ್ಲ. ವಿದ್ಯುತ್ತಿನ ಜೊತೆ ಸಂಬಂಧವಿರುವ ಪದವಾದ್ದರಿಂದ ಇನ್ನೊಬ್ಬರಿಗೂ ಹೊಳೆದಿರುವ ಸಾಧ್ಯತೆ ಹೆಚ್ಚು. ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಅಲ್ಲಿ ಅಕ್ಷರದ ಹುಡುಕಾಟದ ಜೊತೆಗೆ ಉಚ್ಚಾರಣೆಯ ಹುಡುಕಾಟವೂ ಇದೆ, ಮಾಡಬೇಕಾದದ್ದು ಎರಡನೆಯದನ್ನು. ವಾಹನದ ಬ್ಯಾಟರಿ ಚಾರ್ಜ್ ಮಾಡುವ ಸೇವೆ 37ನೇ ವರ್ಗದಲ್ಲಿ ಬರುತ್ತದೆ, ಚಾರ್ಜಿಂಗ್ ಯಂತ್ರ 9ನೇ ವರ್ಗದಲ್ಲಿ. ಎರಡರಲ್ಲೂ ಖಾಲಿ ಇದೆ ಎಂದು ಕಂಡ ಮೇಲೆ ವಕೀಲರ ಹತ್ತಿರ ಹೋದರೆ ಸಮಯ ಉಳಿಯುತ್ತದೆ. ಇನ್ನೊಂದು ಸಂಗತಿ ಲೋಗೋದ್ದು. ಮಿಂಚು ಎಂದ ಕೂಡಲೇ ಕೆಂಪು ಬಣ್ಣದಲ್ಲಿ ಮಿಂಚಿನ ಗೆರೆ ಬರೆಯುವ ಆಸೆಯಾಗುತ್ತದೆ. ನಮ್ಮಲ್ಲಿ ಆ ಗೆರೆ ಟ್ರಾನ್ಸ್‌ಫಾರ್ಮರ್ ಕಟ್ಟೆಯ ಮೇಲೆ 'ಅಪಾಯ' ಎಂಬ ಬರಹದ ಜೊತೆ ಇರುವಂಥದ್ದು. ಕತ್ತಲಲ್ಲಿ ಮೊದಲ ಸಲ ಚಾರ್ಜ್ ಮಾಡಲು ಬಂದವರಿಗೆ ಅದನ್ನು ತೋರಿಸುವುದು ಸರಿಯಲ್ಲ.

ಇನ್ನು ಬೋರ್ಡಿಗೆ ಬರೋಣ. ಹೆದ್ದಾರಿ ಪ್ರಾಧಿಕಾರದ ನೀಲಿ ಸೌಲಭ್ಯ ಫಲಕಗಳ ಕೆಲಸ ಚಿತ್ರದ ಮೂಲಕ 'ಮುಂದೆ ಚಾರ್ಜಿಂಗ್ ಇದೆ' ಎಂದು ಹೇಳುವುದು. ಕಂಪನಿಯ ಹೆಸರು ಕಾಣಬೇಕಾದದ್ದು ನಿಲ್ದಾಣದ ಸ್ವಂತ ಬೋರ್ಡಿನಲ್ಲಿ, ಸರ್ವೀಸ್ ರಸ್ತೆಯ ಅಂಚಿನಲ್ಲಿ. ಎಷ್ಟು ದೂರದಿಂದ ಓದಬಹುದು ಎಂಬುದಕ್ಕೆ ಅಮೆರಿಕದ ರಸ್ತೆ ಫಲಕಗಳ ಕೈಪಿಡಿಯಲ್ಲಿ ಒಂದು ಲೆಕ್ಕವಿದೆ: ಅಕ್ಷರದ ಎತ್ತರ ಒಂದು ಇಂಚಾದರೆ ಓದುವ ದೂರ 30 ಅಡಿ. ಅಂದರೆ ಎತ್ತರದ 360 ಪಟ್ಟು. 25 ಸೆಂಟಿಮೀಟರ್ ಎತ್ತರದ ಅಕ್ಷರ 90 ಮೀಟರ್ ದೂರದಿಂದ ಓದಲು ಬರುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಹಾಗಾಗಿ ಚಾಲಕರಿಗೆ ಸಿಗುವುದು ನಾಲ್ಕು ಸೆಕೆಂಡು. ಅದರಲ್ಲೇ ಓದಬೇಕು, ತಮಗೆ ಬೇಕಾದದ್ದು ಇದೇ ಎಂದು ಗುರುತಿಸಬೇಕು, ವೇಗ ಇಳಿಸಲು ಶುರು ಮಾಡಬೇಕು.

ಈ ಲೆಕ್ಕ ಮಾಡಿದ್ದು ಇಂಗ್ಲಿಷ್ ಅಕ್ಷರಕ್ಕೆ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. 'ಶಕ್ತಿ' ಎಂದು ಬರೆಯಬೇಕಾದರೆ ಫಲಕದ ಎತ್ತರದಲ್ಲಿ ಒಂದಷ್ಟು ಭಾಗವನ್ನು ತ ಒತ್ತಿಗೆ ಬಿಡಬೇಕು, ಆಗ ಮೇಲಿನ ಅಕ್ಷರಗಳು ಕುಗ್ಗುತ್ತವೆ. ಮೂರನೇ ಒಂದು ಭಾಗ ಬಿಟ್ಟೆವೆಂದುಕೊಳ್ಳಿ: 90 ಮೀಟರ್ ಎಂಬುದು 60ಕ್ಕೆ ಇಳಿಯುತ್ತದೆ, ನಾಲ್ಕು ಸೆಕೆಂಡು ಮೂರಕ್ಕೂ ಕಡಿಮೆಯಾಗುತ್ತದೆ. ಆ ಒತ್ತು ಕೂಡ ಸಣ್ಣದಾಗಿರುವುದರಿಂದ ಅದು ಕಾಣುವುದು ಇನ್ನೂ ಹತ್ತಿರ ಬಂದ ಮೇಲೆ. 'ಮಿಂಚು' ಎಂಬುದರಲ್ಲಿ ಒತ್ತಿಲ್ಲ, ಇಡೀ ಎತ್ತರ ಅಕ್ಷರಕ್ಕೇ ಸಿಗುತ್ತದೆ. ಕನ್ನಡದ ಬೋರ್ಡಿಗೆ ಹೆಸರು ಆರಿಸುವಾಗ ನಾನು ಇದಕ್ಕೆ ಅರ್ಥಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಅಲಂಕಾರದ ಅಕ್ಷರಶೈಲಿಯನ್ನು ಟೀ ಶರ್ಟಿಗೂ ಕ್ಯಾಲೆಂಡರಿಗೂ ಇಟ್ಟುಕೊಳ್ಳಬಹುದು. ಬೋರ್ಡಿನಲ್ಲಿ ತಲೆಕಟ್ಟು ಸ್ಪಷ್ಟವಾಗಿರಬೇಕು, ಸೊನ್ನೆಯ ಒಳಗಿನ ಜಾಗ ತುಂಬಿಹೋಗಬಾರದು. ರಾತ್ರಿ ಒಳಗಿನಿಂದ ದೀಪ ಹಾಕಿದಾಗ ಅಕ್ಷರದ ಅಂಚು ಹರಡಿಕೊಳ್ಳುತ್ತದೆ, ತೆಳು ಸಂದುಗಳು ಮುಚ್ಚಿಹೋಗುತ್ತವೆ. ಸಂಜೆ ಏಳರ ಮೇಲೆ ಹೋಗಿ ನೋಡಿದರೆ ಇದು ಗೊತ್ತಾಗುತ್ತದೆ.

ಇದನ್ನು ಕಚೇರಿಯಲ್ಲೇ ಪರೀಕ್ಷಿಸಬಹುದು. ಒಂದು ಸೆಂಟಿಮೀಟರ್ ಎತ್ತರದ ಅಕ್ಷರದಲ್ಲಿ ಹೆಸರನ್ನು ಹಾಳೆಯ ಮೇಲೆ ಮುದ್ರಿಸಿ, 3.6 ಮೀಟರ್ ದೂರದಲ್ಲಿ ಹಿಡಿದು, ಹೆಸರು ಮೊದಲು ಕೇಳಿರದವರಿಗೆ ಮೂರು ಸೆಕೆಂಡು ತೋರಿಸಿ ಮುಚ್ಚಿಬಿಡಿ. ಏನು ಓದಿದಿರಿ ಎಂದು ಕೇಳಿ, ಅದನ್ನು ಇಂಗ್ಲಿಷಿನಲ್ಲಿ ಬರೆಯಲು ಹೇಳಿ. ಬರೆದದ್ದನ್ನು ಅವರ ಫೋನಿನಲ್ಲೇ ಹುಡುಕಲು ಹೇಳಿ. ಕನ್ನಡ ಬಾರದವರನ್ನೂ ಕೂರಿಸಿಕೊಂಡು ಇಂಗ್ಲಿಷ್ ಸಾಲನ್ನು ತೋರಿಸಿ. ಹತ್ತು ಜನರಲ್ಲಿ ಮೂವರು ಬೇರೆ ಬೇರೆ ರೀತಿ ಬರೆದರೆ ಆ ಹೆಸರು ಬೇಡ, ಅದು ಎಷ್ಟೇ ಇಷ್ಟವಾಗಿರಲಿ.

ಜಾಲದ ಹೆಸರು ಸಿಕ್ಕಿದ ಮೇಲೆ ಕೆಲಸ ಮುಗಿಯುವುದಿಲ್ಲ. ದಾರಿ ತಪ್ಪಿಸುವುದು ಹೆಚ್ಚಾಗಿ ಒಂದೊಂದು ನಿಲ್ದಾಣಕ್ಕೆ ಇಡುವ ಹೆಸರು. ಮಿಂಚಿಗೆ ಮಂಡ್ಯದಲ್ಲಿ ಮೂರು ಜಾಗ ಇವೆ ಎಂದುಕೊಳ್ಳೋಣ. ಒಂದು ಊರೊಳಗೆ ಹಳೆಯ ರಸ್ತೆಯಲ್ಲಿ, ಎರಡು ಬೈಪಾಸಿನ ಎರಡು ಬದಿಗಳಲ್ಲಿ. ಕೇಂದ್ರ ಇಂಧನ ಸಚಿವಾಲಯದ 2024ರ ಮಾರ್ಗಸೂಚಿ ಹೆದ್ದಾರಿಯಲ್ಲಿ 20 ಕಿ.ಮೀ.ಗೊಂದು ಚಾರ್ಜಿಂಗ್ ನಿಲ್ದಾಣ, ಅದೂ ಎರಡೂ ಬದಿಯಲ್ಲಿ ಇರಬೇಕೆನ್ನುತ್ತದೆ. ಹಾಗಾಗಿ ಜೋಡಿ ನಿಲ್ದಾಣಗಳು ಇನ್ನು ಮುಂದೆ ಸಾಮಾನ್ಯವಾಗಲಿವೆ. ಮ್ಯಾಪಿನಲ್ಲಿ ಇವೆರಡೂ ನೂರಿನ್ನೂರು ಮೀಟರ್ ಅಂತರದಲ್ಲಿ ಕಾಣುತ್ತವೆ. ನೆಲದ ಮೇಲೆ ನಡುವೆ ಆರು ಪಥ, ಬೇಲಿ. ತಪ್ಪು ಬದಿ ಹಿಡಿದವರು ಮುಂದೆ ಹೊರಬರುವ ದಾರಿ ಸಿಗುವವರೆಗೆ ಓಡಿ, ಕೆಳಸೇತುವೆ ಹುಡುಕಿ, ಹಿಂದಕ್ಕೆ ಬರಬೇಕು.

'ಮೈಸೂರು ಕಡೆ', 'ಬೆಂಗಳೂರು ಕಡೆ' ಎಂಬ ಮಾತು ಇಲ್ಲಿ ಕೆಲಸಕ್ಕೆ ಬಾರದು ಎಂಬುದನ್ನು ಮೇಲಿನ ಫೋನ್ ಮಾತುಕತೆಯಲ್ಲೇ ಕಂಡೆವು. ಬಸ್ಸಿನ ಬೋರ್ಡಿನಂತೆ 'ಮೈಸೂರಿಗೆ' ಎಂದು ಬರೆದರೆ ಹೋಗುವ ದಿಕ್ಕು ಎಂಬುದು ಯಾರಿಗೂ ತಿಳಿಯುತ್ತದೆ. ಹೀಗೆ ಮೂರು ಹೆಸರು: 'ಮಿಂಚು ಮಂಡ್ಯ ಪೇಟೆ', 'ಮಿಂಚು ಮಂಡ್ಯ ಬೈಪಾಸ್ ಮೈಸೂರಿಗೆ', 'ಮಿಂಚು ಮಂಡ್ಯ ಬೈಪಾಸ್ ಬೆಂಗಳೂರಿಗೆ'. ಟೆಸ್ಲಾ ಕಂಪನಿ ತನ್ನ ಸೂಪರ್‌ಚಾರ್ಜರ್‌ಗಳಿಗೆ ಊರು, ರಾಜ್ಯ, ಆಮೇಲೆ ರಸ್ತೆ ಎಂಬ ಕ್ರಮದಲ್ಲಿ ಹೆಸರಿಡುವುದರ ಹಿಂದೆಯೂ ಇದೇ ವಿವೇಕವಿದೆ: ಒಂದೇ ಊರಿನ ಎರಡು ಜಾಗ ಬೆರೆಯಬಾರದು.

ಪದಗಳ ಕ್ರಮಕ್ಕೂ ಬೆಲೆಯಿದೆ. ಕಾರಿನ ಪರದೆಯ ಪಟ್ಟಿಯಲ್ಲಿ ಉದ್ದ ಹೆಸರು ಕತ್ತರಿಸಿಹೋಗುತ್ತದೆ. 25 ಅಕ್ಷರ ಹಿಡಿಯುವ ಸಾಲು ಎಂದುಕೊಳ್ಳಿ. ಹೆಸರು Minchu Electric Vehicle Charging Station Mandya ಎಂದಿದ್ದರೆ ಮೂರೂ ನಿಲ್ದಾಣ Minchu Electric Vehicle C ಎಂದೇ ಕಾಣುತ್ತವೆ, ಊರಿನ ಹೆಸರೇ ಬರುವುದಿಲ್ಲ. Minchu Mandya Bypass to Mysuru ಎಂದಿದ್ದರೆ ಕತ್ತರಿಸಿದ ಮೇಲೂ Minchu Mandya Bypass to M ಎಂದು ಉಳಿಯುತ್ತದೆ. ಕೊನೆಯ ಆ ಒಂದು M, ಇನ್ನೊಂದು ಬದಿಯ B, ಇಷ್ಟರಲ್ಲೇ ಬೇರ್ಪಡುತ್ತವೆ. 'ಚಾರ್ಜಿಂಗ್ ಸ್ಟೇಷನ್' ಎಂದು ಹೆಸರಿನಲ್ಲಿ ಬರೆಯುವ ಅಗತ್ಯ ಮ್ಯಾಪಿನಲ್ಲಿ ಇಲ್ಲ, ಅದನ್ನು ಹೇಳಲು ಪ್ರತ್ಯೇಕ ವರ್ಗವೇ ಇದೆ. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಇದೇ ನಿಲ್ದಾಣವನ್ನು ಹೀಗೆ ದಾಖಲಿಸಬಹುದು:

```
amenity=charging_station
brand=Minchu
name=Minchu Mandya Bypass to Mysuru
name:kn=ಮಿಂಚು ಮಂಡ್ಯ ಬೈಪಾಸ್ ಮೈಸೂರಿಗೆ
ref=MND-2
```

ಮೊದಲ ಸಾಲು ಇದು ಏನೆಂದು ಹೇಳುತ್ತದೆ, ಎರಡನೆಯದು ಯಾವ ಜಾಲ ಎಂದು, ಉಳಿದವು ಯಾವ ಜಾಗ ಎಂದು. ಗೂಗಲ್ ಮ್ಯಾಪಿನ ನಿಯಮವೂ ಹೆಸರಿನ ಜಾಗದಲ್ಲಿ 'ಫಾಸ್ಟ್ ಚಾರ್ಜಿಂಗ್ 24 ಗಂಟೆ' ಎಂಬಂಥ ಜಾಹೀರಾತು ತುರುಕುವುದನ್ನು ಒಪ್ಪುವುದಿಲ್ಲ, ನೆಲದ ಮೇಲಿನ ಬೋರ್ಡಿನಲ್ಲಿ ಇರುವಂತೆಯೇ ಇರಬೇಕು ಎನ್ನುತ್ತದೆ. ಆದ್ದರಿಂದ 'ಮಂಡ್ಯ ಬೈಪಾಸ್ ಮೈಸೂರಿಗೆ' ಎಂಬ ಮಾತು ಬೋರ್ಡಿನ ಮೇಲೂ ಇರಲೇಬೇಕು. ಆಗ ಪರದೆಯಲ್ಲಿ ಓದಿದ್ದನ್ನೇ ಕಣ್ಣೆದುರು ಕಂಡವರಿಗೆ ಸರಿಯಾದ ಜಾಗಕ್ಕೆ ಬಂದೆ ಎಂಬ ಧೈರ್ಯ ಬರುತ್ತದೆ.

ಹೋಟೆಲಿನ ಹೆಸರನ್ನು ನಿಲ್ದಾಣದ ಹೆಸರಿಗೆ ಅಂಟಿಸುವ ಆಸೆಯೂ ಬರುತ್ತದೆ, ಜನರಿಗೆ ಗುರುತಿರುವುದು ಹೋಟೆಲೇ. ಆದರೆ ಹೋಟೆಲು ಕೈ ಬದಲಾಗುತ್ತದೆ, ಮುಚ್ಚುತ್ತದೆ. ಅದನ್ನು ದಾರಿ ಹೇಳುವ ವಿವರಣೆಯಲ್ಲಿ ಬರೆದರೆ ಸಾಕು: 'ಹೋಟೆಲಿನ ಹಿಂದೆ, ಬಲಕ್ಕೆ ಟ್ರಾನ್ಸ್‌ಫಾರ್ಮರ್ ಪಕ್ಕ'. ಜಿಲ್ಲೆಯ ಹೆಸರೂ ಬೇಡ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು, ಊರು ರಾಮನಗರವಾಗಿಯೇ ಉಳಿಯಿತು. ಜಿಲ್ಲೆಯ ಹೆಸರು ನೆಚ್ಚಿ ಬೋರ್ಡು ಬರೆಸಿದವರು ಈಗ 'ಬೆಂಗಳೂರು ದಕ್ಷಿಣ' ಎಂದು ತಿದ್ದಿದರೆ, ಬೆಂಗಳೂರಿನವರು ಜಯನಗರದ ಆಸುಪಾಸಿನಲ್ಲಿ ಹುಡುಕಿಯಾರು.

ಹೆಸರಿನಷ್ಟೇ ಗಮನ ಮ್ಯಾಪಿನ ಗುರುತಿನ ಚುಕ್ಕಿಗೂ ಬೇಕು. ಚುಕ್ಕಿಯನ್ನು ಆವರಣದ ಮುಂಭಾಗದಲ್ಲಿ, ಹೆದ್ದಾರಿಗೆ ತೀರಾ ಹತ್ತಿರ ಇಟ್ಟರೆ, ದಾರಿ ಲೆಕ್ಕ ಹಾಕುವ ವ್ಯವಸ್ಥೆ ಅದಕ್ಕೆ ಸಮೀಪದ ರಸ್ತೆ ಆರು ಪಥದ್ದೇ ಎಂದುಕೊಳ್ಳುವ ಸಾಧ್ಯತೆಯಿದೆ. ಆಗ ಕಾರು ಬೇಲಿಯ ಆಚೆ ವೇಗವಾಗಿ ಓಡುತ್ತಿರುವಾಗಲೇ "ನೀವು ತಲುಪಿದ್ದೀರಿ" ಎಂಬ ದನಿ ಬರುತ್ತದೆ. ಚುಕ್ಕಿ ಕಾರು ನಿಲ್ಲಿಸುವ ಜಾಗದ ಮೇಲೆ, ಅಥವಾ ಸರ್ವೀಸ್ ರಸ್ತೆಯಿಂದ ಒಳಗೆ ತಿರುಗುವ ಗೇಟಿನ ಮೇಲೆ ಇರಬೇಕು. ಸರಿಯಾಗಿದೆಯೇ ಎಂದು ತಿಳಿಯಲು ಒಮ್ಮೆ ಬೆಂಗಳೂರಿನಿಂದ, ಒಮ್ಮೆ ಮೈಸೂರಿನಿಂದ ದಾರಿ ಕೇಳಿ, ಅದು ಹೆದ್ದಾರಿ ಬಿಟ್ಟು ಸರ್ವೀಸ್ ರಸ್ತೆಗೆ ಎಲ್ಲಿ ಇಳಿಸುತ್ತದೆಂದು ನೋಡಬೇಕು.

ಒಳಗೆ ಬಂದ ಮೇಲೆ ಕೊನೆಯ ಗೊಂದಲ ಯಂತ್ರದ ಮುಂದೆ ಕಾದಿರುತ್ತದೆ. ಎರಡು ಯಂತ್ರ, ಒಂದೊಂದಕ್ಕೆ ಎರಡು ಗನ್. ಆ್ಯಪಿನಲ್ಲಿ ಯಾವುದನ್ನು ಒತ್ತಬೇಕು? ಜಾಲಗಳು ಒಂದರೊಡನೊಂದು ಮಾಹಿತಿ ಹಂಚಿಕೊಳ್ಳುವ OCPI ಎಂಬ ಮಾನದಂಡದಲ್ಲಿ ಯಂತ್ರದ ಹೊರಮೈ ಮೇಲೆ ಬರೆದ ಗುರುತಿಗೆಂದೇ physical_reference ಎಂಬ ಜಾಗವಿದೆ. ಹದಿನಾರು ಅಕ್ಷರ ಅದರ ಮಿತಿ. ಅದನ್ನು ಖಾಲಿ ಬಿಟ್ಟರೆ, ಬೇರೆ ಕಂಪನಿಯ ಆ್ಯಪಿನಿಂದ ಬಂದವರಿಗೆ ಯಂತ್ರದ ಉದ್ದನೆಯ ಒಳ ಸಂಖ್ಯೆ ಮಾತ್ರ ಕಾಣುತ್ತದೆ, ಎದುರಿನ ಡಬ್ಬದ ಮೇಲೆ ಆ ಸಂಖ್ಯೆ ಎಲ್ಲೂ ಇರುವುದಿಲ್ಲ. ಪಕ್ಕದ ಯಂತ್ರದ ಗನ್ ಆರಿಸಿ, ತಮ್ಮ ಹಣದಲ್ಲಿ ಬೇರೆಯವರ ಕಾರಿಗೆ ಚಾರ್ಜ್ ಶುರು ಮಾಡುವ ಪ್ರಸಂಗ ಹುಟ್ಟುವುದು ಹೀಗೆ. ಯಂತ್ರದ ಮೇಲೆ ಅಂಗೈ ಅಗಲದ ಅಂಕಿ ಬರೆಯಬೇಕು: 1, 2. ಗನ್ನುಗಳಿಗೆ 'ಎಡ', 'ಬಲ'. ಇಂಗ್ಲಿಷ್ ಅಕ್ಷರ ಬಳಸುವುದಾದರೆ ಫೋನಿನಲ್ಲಿ ಒಂದೇ ಥರ ಕೇಳುವ B, D, P, T ಗಳನ್ನು ಬಿಡಬೇಕು, ಸೊನ್ನೆಯೋ ಓ ಅಕ್ಷರವೋ ತಿಳಿಯದ ಗುರುತೂ ಬೇಡ.

ಕಂಪನಿಗಳು ಕೈ ಬದಲಾದಾಗ ಹೆಸರೂ ಬದಲಾಗುವುದುಂಟು. ಬ್ರಿಟನ್ನಿನ ಚಾರ್ಜ್‌ಮಾಸ್ಟರ್ ಜಾಲವನ್ನು 2018ರಲ್ಲಿ ಬಿಪಿ ಕೊಂಡುಕೊಂಡಿತು, ಅದು 2020ರಲ್ಲಿ ಬಿಪಿ ಪಲ್ಸ್ ಆಯಿತು. ನಮ್ಮಲ್ಲಿ ಫೋರ್ಟಮ್ ಚಾರ್ಜ್ ಅಂಡ್ ಡ್ರೈವ್ 2023ರಲ್ಲಿ ಗ್ಲೈಡಾ ಆಯಿತು. ಇಂಥ ಸಂದರ್ಭದಲ್ಲಿ ಬೋರ್ಡು, ಆ್ಯಪು, ಮ್ಯಾಪು, ಬಿಲ್ಲು ಒಂದೇ ದಿನ ಬದಲಾಗುವುದು ಅಪರೂಪ. ಬದಲಾಗದೆ ಉಳಿದವುಗಳಲ್ಲಿ ಹಳೆಯ ಹೆಸರು ಎಷ್ಟೋ ಕಾಲ ಇರುತ್ತದೆ, ಜನರ ಬಾಯಲ್ಲಂತೂ ಇದ್ದೇ ಇರುತ್ತದೆ. 2014ರ ನವೆಂಬರ್ 1ಕ್ಕೆ ಇಂಗ್ಲಿಷಿನಲ್ಲಿ Mysore ಹೋಗಿ Mysuru ಬಂದರೂ ಹಳೆಯದನ್ನು ಟೈಪ್ ಮಾಡುವವರು ಇವತ್ತಿಗೂ ಇದ್ದಾರೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಹಳೆಯದನ್ನು old_name ಎಂದು ಉಳಿಸಬಹುದು, ಹುಡುಕಿದರೆ ಸಿಗುತ್ತದೆ. ಬೋರ್ಡಿನ ಕೆಳಗೆ ಒಂದು ವರ್ಷವಾದರೂ 'ಹಿಂದಿನ ಹೆಸರು ಇಂಥದ್ದು' ಎಂಬ ಸಣ್ಣ ಸಾಲು ಇರಬೇಕು.

ನಿಲ್ದಾಣವೇ ಮುಚ್ಚಿದರೆ ಅದನ್ನು ಅಂದೇ ಮ್ಯಾಪಿನಿಂದ ತೆಗೆಸಬೇಕು, ಸರ್ವೀಸ್ ರಸ್ತೆಯ ಬೋರ್ಡನ್ನೂ ಇಳಿಸಬೇಕು. MND-2 ಎಂಬ ಗುರುತನ್ನು ಮುಂದೆ ಮಂಡ್ಯದಲ್ಲಿ ತೆರೆಯುವ ಹೊಸ ಜಾಗಕ್ಕೆ ಕೊಡಬಾರದು. ಹಳೆಯ ಬಿಲ್ಲು ಇಟ್ಟುಕೊಂಡವರು, ಆ್ಯಪಿನಲ್ಲಿ ಅದನ್ನು ನೆಚ್ಚಿನ ಜಾಗವೆಂದು ಉಳಿಸಿಕೊಂಡವರು ಇನ್ನೂ ಅದೇ ಗುರುತು ಹಿಡಿದು ಬರುತ್ತಾರೆ. ಹೊಸ ಜಾಗಕ್ಕೆ MND-4 ಆದೀತು.